ಡೋಡಾ ಪುಡಿ ಬಿಟ್ಟ ಮೇಲೆ ಮೈಕೈ ನೋವು: ಪ್ರತಿಕ್ರಿಯೆ

"ಮಾವ ಲಾರಿ ಡ್ರೈವರ್. ಚಹಾದಲ್ಲಿ ಡೋಡಾ ಪುಡಿ ಹಾಕಿ ಕುಡೀತಾರೆ. ಗಿಡದ್ದು, ಚಟ ಆಗಲ್ಲ ಅಂತಾರೆ. ಹುಬ್ಬಳ್ಳಿಗೆ ಬಂದು ಎರಡು ದಿನ ಬಿಟ್ಟರೆ ಜ್ವರ ಬಂದ ಹಾಗೆ ಮಲಗಿಬಿಡ್ತಾರೆ. ಯಾಕೆ?"

ಅದು ಜ್ವರ ಅಲ್ಲ, ಅಫೀಮು ಬಿಟ್ಟಾಗ ಮೈಗೆ ಆಗುವ ತೊಂದರೆ ಇರಬೇಕು. ಡೋಡಾ ಅಂದರೆ ಅಫೀಮು ಸಿಗುವ ಗಸಗಸೆ ಕಾಯಿಯ ಒಣ ಸಿಪ್ಪೆ. ಅದರಲ್ಲಿ ಮಾರ್ಫಿನ್, ಕೋಡೀನ್ ಇರುತ್ತವೆ. ಆಸ್ಪತ್ರೆಯ ಮಾರ್ಫಿನ್ ಕೂಡ ಇದೇ ಗಿಡದ್ದು! ಮಿದುಳಿಗೆ ಎರಡೂ ಒಂದೇ. ದಿನಾ ಸಿಕ್ಕರೆ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ, ಮೊದಲಿನಷ್ಟು ಸಾಲದು ಅನಿಸುತ್ತದೆ.

ಕೊನೆಯ ಚಹಾ ಆಗಿ ಅರ್ಧ ದಿನದೊಳಗೆ ಆಕಳಿಕೆ ಮೇಲೆ ಆಕಳಿಕೆ, ಕಣ್ಣು ಮೂಗಲ್ಲಿ ನೀರು. ಆಮೇಲೆ ಮೈ ಜುಮ್ಮೆಂದು ರೋಮ ನಿಲ್ಲುವುದು, ಕಾಲು ಸೆಳೆತ, ಭೇದಿ, ನಿದ್ದೆ ಇಲ್ಲ. ಎರಡು ಮೂರನೇ ದಿನ ಜಾಸ್ತಿ, ವಾರದಲ್ಲಿ ಇಳಿಯುತ್ತದೆ. ಒಂದು ಲೋಟ ಕುಡಿದ ಕೂಡಲೇ ಎಲ್ಲ ಸರಿಹೋದರೆ ಅನುಮಾನವೇ ಬೇಡ. ಮಾವ ಅದನ್ನೇ "ಔಷಧಿ ಕೆಲಸ ಮಾಡ್ತು" ಅಂದುಕೊಳ್ಳುತ್ತಿರಬಹುದು, ಅಲ್ವಾ?

ಬೈದು ಕೋಣೆಯಲ್ಲಿ ಕೂಡಿಹಾಕಬೇಡಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಗೆ ಕರೆದೊಯ್ಯಿರಿ, ಮನೋವೈದ್ಯರ ಮುಂದೆ ಎಷ್ಟು ಕುಡೀತಾರೆ ಅಂತ ನಿಜ ಹೇಳಲಿ. ಬುಪ್ರೆನಾರ್ಫಿನ್‌ನಂಥ ಮಾತ್ರೆ ಕೊಟ್ಟು ನಿಧಾನಕ್ಕೆ ಹೊರತರುವ ಚಿಕಿತ್ಸೆ ಇದೆ. ಅದನ್ನು ಸುಮ್ನೆ ಅಂಗಡಿಯಿಂದ ತಂದು ನುಂಗುವಂತಿಲ್ಲ. ಮೊದಲು ಮಾತಾಡಬೇಕೆಂದರೆ 14416 ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ.

ಇನ್ನೊಂದು ಮಾತು. ಕೆಲವು ವಾರ ಬಿಟ್ಟು ಮತ್ತೆ ಹಳೆ ಅಳತೆಗೇ ಕುಡಿದರೆ ಉಸಿರು ನಿಲ್ಲಬಹುದು. ಸಾರಾಯಿ ಜೊತೆ ಆದರಂತೂ ಇನ್ನೂ ಅಪಾಯ. ಎಬ್ಬಿಸಿದರೂ ಏಳದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಉಸಿರು ತೀರಾ ನಿಧಾನವಾದರೆ ಕೂಡಲೇ 108ಕ್ಕೆ ಕರೆ ಮಾಡಿ.