ಟೂ-ಲೆವೆಲ್ ಸಿಸ್ಟಮ್‌ಗೆ ಪಂಪ್ ಹುಡುಕಬೇಡಿ, ಬಿಟ್ಟುಹೋದ ಪದ ಹುಡುಕಿ

“ಟೂ-ಲೆವೆಲ್ ಆಟಮ್‌ಗೆ ರೇಟ್ ಈಕ್ವೇಶನ್ ಬರೆದು ಕಂಪ್ಯೂಟರ್‌ನಲ್ಲಿ ಓಡಿಸ್ತಿದ್ದೀನಿ. ಪಂಪ್ ಜಾಸ್ತಿ ಮಾಡಿದರೆ ಮೇಲಿನ ಲೆವೆಲ್‌ನಲ್ಲಿ 0.91 ಪಾಲು ಬರುತ್ತೆ. ಪ್ರಾಜೆಕ್ಟ್‌ನಲ್ಲಿ ಇನ್ವರ್ಷನ್ ತೋರಿಸೋಕೆ ಲ್ಯಾಂಪ್ ಒಳ್ಳೆಯದಾ, ಲೇಸರ್ ಡಯೋಡ್ ಒಳ್ಳೆಯದಾ?”

ಒಬ್ಬರು ಕಳಿಸಿದ ಪ್ರಶ್ನೆ ಇದು. ಇನ್ವರ್ಷನ್ ಅಂದರೆ ಕೆಳಗಿನ ಲೆವೆಲ್‌ಗಿಂತ ಮೇಲಿನದರಲ್ಲಿ ಜಾಸ್ತಿ ಆಟಮ್ ಇರೋದು. 0.91 ಅನ್ನೋ ಅಂಕಿ ನೋಡಿ ನಗು ಬಂತು. ಅದೇ ಅಂಕಿ ನನ್ನ ಒಂದೂವರೆ ತಿಂಗಳು ತಿಂದಿದೆ.

ಆಗ ನಾನು ಎಂಎಸ್ಸಿ ಎರಡನೇ ವರ್ಷ. ನಮ್ಮ ಲ್ಯಾಬ್‌ನಲ್ಲಿ ರುಬಿಡಿಯಂ 87 ಆಟಮ್‌ಗಳನ್ನು ಲೇಸರ್‌ನಿಂದ ತಣ್ಣಗೆ ಮಾಡಿ ಒಂದು ಪುಟ್ಟ ಮೋಡದ ಹಾಗೆ ಹಿಡಿದಿಡುತ್ತಿದ್ದರು. ಮೋಡದಲ್ಲಿ ಎಷ್ಟು ಆಟಮ್ ಇವೆ ಅಂತ ಎಣಿಸೋದು ನನ್ನ ಕೆಲಸ. ದಾರಿ ಸುಲಭ. 780 ನ್ಯಾನೊಮೀಟರ್ ಬೆಳಕನ್ನು ಸರಿಯಾಗಿ ರೆಸೊನೆನ್ಸ್‌ಗೆ ಇಟ್ಟು ಒಂದು ಕ್ಷಣ ಹಾಯಿಸಬೇಕು. ಮೋಡ ಹೊಳೆಯುತ್ತದೆ, ಪಕ್ಕದ ಕ್ಯಾಮೆರಾ ಆ ಹೊಳಪನ್ನು ಅಳೆಯುತ್ತದೆ. ಮೇಲಿನ ಲೆವೆಲ್‌ನ ಆಯಸ್ಸು ಸುಮಾರು 26 ನ್ಯಾನೊಸೆಕೆಂಡ್. ಅಂದರೆ ಆಟಮ್ ತಾನಾಗಿ ಕೆಳಗಿಳಿಯುವ ದರ A, ಸೆಕೆಂಡಿಗೆ 3.8 ಕೋಟಿ. ಒಟ್ಟು ಆಟಮ್‌ಗಳಲ್ಲಿ ಎಷ್ಟು ಪಾಲು ಮೇಲಿದೆ ಅಂತ ಗೊತ್ತಾದರೆ, ಒಂದು ಆಟಮ್ ಸೆಕೆಂಡಿಗೆ ಎಷ್ಟು ಫೋಟಾನ್ ಚೆಲ್ಲುತ್ತದೆ ಅಂತ ಗೊತ್ತಾಗುತ್ತದೆ. ಅದರಿಂದ ಭಾಗಿಸಿದರೆ ಆಟಮ್‌ಗಳ ಲೆಕ್ಕ ಬಂತು.

ಆ ‘ಎಷ್ಟು ಪಾಲು ಮೇಲಿದೆ’ ಅನ್ನೋದಕ್ಕೆ ನಾನೇ ರೇಟ್ ಈಕ್ವೇಶನ್ ಬರೆದೆ. N1, N2 ಅಂದರೆ ಕೆಳಗಿನ ಮತ್ತು ಮೇಲಿನ ಲೆವೆಲ್‌ನ ಆಟಮ್‌ಗಳ ಸಂಖ್ಯೆ, W ಅಂದರೆ ಬೆಳಕು ಆಟಮ್‌ ಅನ್ನು ಮೇಲೆ ಹತ್ತಿಸುವ ದರ. ಕೆಳಗಿನಿಂದ ಮೇಲಕ್ಕೆ W·N1, ಮೇಲಿನಿಂದ ಕೆಳಕ್ಕೆ A·N2. ಎರಡೂ ಸಮವಾದಾಗ ಮೇಲಿನ ಪಾಲು W/(W+A).

ಬೆಳಕು ಕಮ್ಮಿ ಇಟ್ಟಾಗ 92 ಲಕ್ಷ ಆಟಮ್ ಬಂದವು. ಅದೇ ಥರದ ಮೋಡಕ್ಕೆ ಬೆಳಕು ನೂರು ಪಟ್ಟು ಜಾಸ್ತಿ ಮಾಡಿದರೆ 52 ಲಕ್ಷ! ಬೆಳಕಿನ ಹೊಡೆತಕ್ಕೆ ಆಟಮ್‌ಗಳು ಓಡಿಹೋಗುತ್ತಿವೆ ಅಂತ ನಾನು ನಂಬಿದೆ. ಬೆಳಕು ಹಾಯಿಸುವ ಹೊತ್ತು ಕಮ್ಮಿ ಮಾಡಿದೆ. ಕ್ಯಾಮೆರಾ ತುಂಬಿಹೋಗುತ್ತಿದೆಯಾ ಅಂತ ಫಿಲ್ಟರ್ ಹಾಕಿದೆ. ಬೇರೆ ಸ್ಥಿತಿಗೆ ಜಾರಿದ ಆಟಮ್‌ಗಳನ್ನು ವಾಪಸ್ ತರುವ ರೀಪಂಪ್ ಲೇಸರ್ ಮೇಲೆ ಅನುಮಾನ ಪಟ್ಟು ಒಂದು ವಾರ ಅದರ ಹಿಂದೆ ಬಿದ್ದೆ. ಪ್ರತಿ ಸಲವೂ ಅದೇ 52 ಲಕ್ಷ. ಅಷ್ಟು ಅಚ್ಚುಕಟ್ಟಾಗಿ ಓಡಿಹೋಗುವ ಆಟಮ್ ಇರುತ್ತಾ ಅಂತ ಆಗಲೇ ಕೇಳಿಕೊಳ್ಳಬೇಕಿತ್ತು.

ನಾನು ಬಿಟ್ಟಿದ್ದು ಸ್ಟಿಮ್ಯುಲೇಟೆಡ್ ಎಮಿಷನ್, ಅಂದರೆ ಬಂದ ಬೆಳಕೇ ಮೇಲಿನ ಆಟಮ್‌ ಅನ್ನು ಕೆಳಗಿಳಿಸೋದು. ಮರೆತು ಬಿಟ್ಟಿದ್ದಲ್ಲ, ಯೋಚನೆ ಮಾಡಿಯೇ ಬಿಟ್ಟಿದ್ದೆ. ಅದು ಇನ್ನೂ ಕೆಟ್ಟದ್ದು. ನನ್ನ ವಾದ ಹೀಗಿತ್ತು: ಸ್ಟಿಮ್ಯುಲೇಟೆಡ್ ಎಮಿಷನ್‌ನಲ್ಲಿ ಬರುವ ಫೋಟಾನ್, ಬಂದ ಬೆಳಕಿನ ದಿಕ್ಕಿನಲ್ಲೇ ಹೋಗುತ್ತದೆ. ನನ್ನ ಕ್ಯಾಮೆರಾ ಪಕ್ಕದಲ್ಲಿದೆ, ಅದಕ್ಕೆ ಕಾಣೋದು ಆಟಮ್ ತಾನಾಗಿ ಇಳಿಯುವಾಗ ಬರುವ ಸ್ಪಾಂಟೇನಿಯಸ್ ಎಮಿಷನ್ ಮಾತ್ರ. ಕಾಣದ್ದು ಲೆಕ್ಕಕ್ಕೆ ಯಾಕೆ? ಜೊತೆಗೆ, ಅದೆಲ್ಲ ಲೇಸರ್ ಒಳಗೆ, ಇನ್ವರ್ಷನ್ ಆದಮೇಲೆ ನಡೆಯುವ ಸಂಗತಿ ಅಂತ ತಲೆಯಲ್ಲಿ ಕೂತಿತ್ತು.

ಎರಡೂ ತಪ್ಪು. ಕ್ಯಾಮೆರಾಗೆ ಫೋಟಾನ್ ಕಾಣದೆ ಇರಬಹುದು, ಆದರೆ ಆಟಮ್ ಕೆಳಗೆ ಇಳಿದಾಯ್ತಲ್ವಾ? N2 ಕಮ್ಮಿ ಆಯ್ತು. ಇನ್ನು ಇನ್ವರ್ಷನ್‌ಗಾಗಿ ಅದು ಕಾಯುವುದೇ ಇಲ್ಲ. ಮೇಲೆ ಒಂದೇ ಒಂದು ಆಟಮ್ ಇದ್ದರೂ, ಅದನ್ನು ಮೇಲೆ ಹತ್ತಿಸಿದ ಅದೇ ಬೆಳಕು ಅದೇ W ದರದಲ್ಲಿ ಅದನ್ನು ಕೆಳಗೂ ಇಳಿಸುತ್ತದೆ. ಸರಿಯಾದ ಸಾಲು ಇದು:

```python
# ನನ್ನ ತಪ್ಪು
dN2 = W*N1 - A*N2
# ಸರಿ
dN2 = W*N1 - W*N2 - A*N2
```

ಈಗ ಮೇಲಿನ ಪಾಲು W/(2W+A). W ಎಷ್ಟೇ ದೊಡ್ಡದಾಗಲಿ, ಇದು 0.5 ಮುಟ್ಟುವುದಿಲ್ಲ. W = 10A ಹಾಕಿ ನೋಡಿ. ತಪ್ಪು ಸಾಲು 10/11, ಅಂದರೆ ನಿಮ್ಮ 0.91 ಕೊಡುತ್ತದೆ. ಸರಿಯಾದ ಸಾಲು 10/21, ಅಂದರೆ 0.476. ಪ್ರತಿ ಆಟಮ್ ಸುಮಾರು ಎರಡು ಪಟ್ಟು ಹೊಳೆಯುತ್ತದೆ ಅಂತ ತಿಳಿದುಕೊಂಡು ಭಾಗಿಸಿದ್ದಕ್ಕೇ ನನ್ನ ಆಟಮ್‌ಗಳು ಅರ್ಧದಷ್ಟಾಗಿದ್ದವು. W = 0.1A ಇದ್ದಾಗ ವ್ಯತ್ಯಾಸ ಬರೀ ಎಂಟು ಹತ್ತು ಪರ್ಸೆಂಟ್. W = 0.01A ಆದರೆ ಒಂದೇ ಪರ್ಸೆಂಟ್. ಮಂದ ಬೆಳಕಿನಲ್ಲಿ ಮೇಲೆ ಆಟಮ್‌ಗಳೇ ಕಮ್ಮಿ, ಹಾಗಾಗಿ ತಪ್ಪು ಅಡಗಿ ಕೂತಿರುತ್ತದೆ. ಸರಿಯಾದ ಸೂತ್ರ ಹಾಕಿದ ಮೇಲೆ ಎರಡೂ ಅಳತೆಯಲ್ಲಿ ಒಂದೇ ಉತ್ತರ ಬಂತು: ಸುಮಾರು ಒಂದು ಕೋಟಿ. ಒಂದು ಆಟಮ್ ಕೂಡ ಎಲ್ಲಿಗೂ ಓಡಿರಲಿಲ್ಲ.

ಇದನ್ನು ಹಿಡಿದದ್ದು ನಾನಲ್ಲ, ನಮ್ಮ ಗೈಡ್. “ಏನಪ್ಪಾ, ಲೇಸರ್ ತೆಗೆದುಹಾಕು. ಆಟಮ್‌ಗಳನ್ನು ಬಿಸಿ ಪೆಟ್ಟಿಗೆಯೊಳಗೆ ಇಡು. ಬೋಲ್ಟ್ಸ್‌ಮನ್ ಬರುತ್ತಾ ನೋಡು” ಅಂದರು. ಬಿಸಿ ಪೆಟ್ಟಿಗೆಯ ಬೆಳಕು ಅಂದರೆ ಪ್ಲಾಂಕ್ ಸೂತ್ರ. ಆಗ W = A/(e^x − 1), ಇಲ್ಲಿ x = hν/kT. ಸರಿಯಾದ ಈಕ್ವೇಶನ್‌ಗೆ ಇದನ್ನು ಹಾಕಿದರೆ N2/N1 = e^(−x) ಬರುತ್ತದೆ, ಸರಿಯಾಗಿ ಬೋಲ್ಟ್ಸ್‌ಮನ್, ಅಂದರೆ ಆ ತಾಪಮಾನದ ಸಮತೋಲನದಲ್ಲಿ ಇರಬೇಕಾದ ಅನುಪಾತ. ನನ್ನದರಲ್ಲಿ ಬಂದದ್ದು 1/(e^x − 1). 300 K ತಾಪಮಾನದಲ್ಲಿ 780 ನ್ಯಾನೊಮೀಟರ್‌ಗೆ x ಸುಮಾರು 61, ಅಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣದು. ಆದರೆ ಅಮೋನಿಯಾ ಅಣುವಿನ 24 GHz ಲೆವೆಲ್ ಜೋಡಿ ತೆಗೆದುಕೊಳ್ಳಿ. x ಸುಮಾರು 0.0038. ನನ್ನ ಸೂತ್ರದ ಪ್ರಕಾರ ಸುಮ್ನೆ ಕೋಣೆಯಲ್ಲಿಟ್ಟ ಅಮೋನಿಯಾದಲ್ಲಿ ಕೆಳಗಿಗಿಂತ ಮೇಲೆ 260 ಪಟ್ಟು ಅಣುಗಳು! ಐನ್‌ಸ್ಟೈನ್ 1916ರಲ್ಲಿ ಈ ಪದ ಸೇರಿಸಿದ್ದು ಇದಕ್ಕೇ. ಅದಿಲ್ಲದಿದ್ದರೆ ಸಿಗುವುದು ಪ್ಲಾಂಕ್ ಸೂತ್ರವಲ್ಲ, ಹಳೆಯ ವೀನ್ ಸೂತ್ರ.

ಈಗ ನಿಮ್ಮ ಲ್ಯಾಂಪ್ ಮತ್ತು ಡಯೋಡ್ ವಿಷಯ. ಎರಡೂ ಬೇಡ. ಪ್ರಶ್ನೆಯೇ ತಪ್ಪು ದಾರಿ ಹಿಡಿದಿದೆ. ಅಕ್ಕಪಕ್ಕ ಎರಡು ನೀರಿನ ತೊಟ್ಟಿ ಇವೆ, ತಳದಲ್ಲಿ ಒಂದು ಪೈಪ್ ಜೋಡಿಸಿದೆ ಅಂದುಕೊಳ್ಳಿ. ನಿಮ್ಮ ಪಂಪ್ ಬೆಳಕು ಆ ಪೈಪ್. ಅದನ್ನು ಎಷ್ಟು ದಪ್ಪ ಮಾಡಿದರೂ ಎರಡು ತೊಟ್ಟಿಯ ನೀರು ಸಮವಾಗಬಹುದು, ಅಷ್ಟೇ. ಅದರ ಮೇಲೆ A ಅನ್ನೋದು ಒಂದೇ ಕಡೆಗೆ ಸೋರುವ ಕಿಂಡಿ. ಹಾಗಾಗಿ ಪೂರ್ತಿ ಸಮವೂ ಆಗುವುದಿಲ್ಲ. ಬೆಳಕು ಜಾಸ್ತಿಯಾದ ಹಾಗೆ N1 − N2 ಸೊನ್ನೆಯ ಹತ್ತಿರ ಹೋಗುತ್ತದೆ, ಹೀರಿಕೆ ಕಮ್ಮಿಯಾಗಿ ಮೋಡ ಗಾಜಿನ ಹಾಗೆ ಪಾರದರ್ಶಕವಾಗುತ್ತದೆ. ಸೊನ್ನೆ ದಾಟಿ ಆಚೆ ಹೋಗುವುದಿಲ್ಲ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಇದನ್ನೇ ತೋರಿಸಿ. ಇನ್ವರ್ಷನ್‌ಗಿಂತ ಇದೇ ಚೆನ್ನಾಗಿರುತ್ತದೆ ಅನ್ನೋದು ನನ್ನ ಅಭಿಪ್ರಾಯ.

“ಹಾಗಾದರೆ ಅಮೋನಿಯಾ ಮೇಸರ್ ಎರಡೇ ಲೆವೆಲ್‌ನಲ್ಲಿ ಓಡಿತಲ್ಲ” ಅಂತ ಯಾರಾದರೂ ಕೇಳಬಹುದು. ಹೌದು. ಮೇಸರ್ ಅಂದರೆ ಮೈಕ್ರೋವೇವ್ ಹೊರಡಿಸುವ, ಲೇಸರ್‌ನಂಥ ಸಾಧನ. ಆದರೆ 1954ರಲ್ಲಿ ಟೌನ್ಸ್ ಮತ್ತು ಜೊತೆಗಾರರು ಅಲ್ಲಿ ಬೆಳಕಿನಿಂದ ಪಂಪ್ ಮಾಡಲೇ ಇಲ್ಲ. ಮೇಲಿನ ಲೆವೆಲ್‌ನ ಅಣುಗಳನ್ನು ವಿದ್ಯುತ್ ಕ್ಷೇತ್ರದಿಂದ ಬೇರ್ಪಡಿಸಿ ಅವನ್ನಷ್ಟೇ ಒಳಗೆ ಬಿಟ್ಟರು. 1960ರ ಮೈಮನ್ ರೂಬಿ ಲೇಸರ್‌ನಲ್ಲಿ ಮೂರನೇ ಲೆವೆಲ್ ಇತ್ತು. ಸಣ್ಣದೊಂದು ಕೋಹೆರೆಂಟ್ ಪಲ್ಸ್ ಕೊಟ್ಟು ಎಲ್ಲ ಆಟಮ್‌ಗಳನ್ನೂ ಒಂದು ಕ್ಷಣ ಮೇಲೆ ಹತ್ತಿಸಬಹುದು ನಿಜ, ಆದರೆ ಅದಕ್ಕೆ ರೇಟ್ ಈಕ್ವೇಶನ್ ಸಾಲದು.

ಇನ್ನೊಂದು ಎಚ್ಚರ. ಡಿಜೆನರಸಿ ಇದ್ದರೆ, ಅಂದರೆ ಒಂದೇ ಶಕ್ತಿಯ ಹಲವು ಸ್ಥಿತಿಗಳಿದ್ದರೆ, ಉದಾಹರಣೆಗೆ ಕೆಳಗೆ ಒಂದು ಸ್ಥಿತಿ, ಮೇಲೆ ಮೂರು ಇದ್ದರೆ, ಪಾಲು 0.75ರ ತನಕ ಹೋಗಬಹುದು. ಅದನ್ನು ನೋಡಿ ಕುಣಿಯಬೇಡಿ. ಹೋಲಿಸಬೇಕಾದ್ದು N2/g2 ಮತ್ತು N1/g1, ಇಲ್ಲಿ g ಅಂದರೆ ಆ ಲೆವೆಲ್‌ನ ಸ್ಥಿತಿಗಳ ಸಂಖ್ಯೆ. ಬೆಳಕನ್ನು ಬಲಪಡಿಸುವ ಗೇನ್ ಆಗಲೂ ಇಲ್ಲ.

ಮೊದಲು ನಿಮ್ಮ ಕೋಡ್‌ಗೆ 300 K ಮತ್ತು 24 GHz ಹಾಕಿ ಓಡಿಸಿ. N2/N1 ಒಂದಕ್ಕಿಂತ ಒಂಚೂರು ಕಮ್ಮಿ, 0.996 ಬರಬೇಕು. 260 ಬಂದರೆ ಡಯೋಡ್‌ಗೆ ಆರ್ಡರ್ ಹಾಕಬೇಡಿ.