ಬ್ಲೂ ಕಟ್‌ಗೆ ಹಣ ಕೊಡಬೇಕೇ?

"ದಿನವಿಡೀ ಕಂಪ್ಯೂಟರ್ ಕೆಲಸ, ರಾತ್ರಿ ಕಾರು ಓಡಿಸುತ್ತೇನೆ. ಆಂಟಿ ಗ್ಲೇರ್, ಬ್ಲೂ ಕಟ್, ಬಿಸಿಲಿಗೆ ಕಪ್ಪಾಗುವ ಲೆನ್ಸ್, ಇವುಗಳಲ್ಲಿ ನನ್ನ ಕನ್ನಡಕಕ್ಕೆ ಯಾವುದು ಬೇಕು?"

ನಾನಾದರೆ ಆಂಟಿ ಗ್ಲೇರ್ ಒಂದನ್ನೇ ಹಾಕಿಸುತ್ತೇನೆ. ಸಾಮಾನ್ಯ ಪ್ಲಾಸ್ಟಿಕ್ ಲೆನ್ಸ್‌ನ ಎರಡು ಮೈಗಳಿಂದ ಒಟ್ಟು ಶೇ. 8ರಷ್ಟು ಬೆಳಕು ಪ್ರತಿಫಲಿಸುತ್ತದೆ. ಒಳ್ಳೆಯ ಲೇಪನವು ಅದನ್ನು ಶೇ. 1ರ ಆಸುಪಾಸಿಗೆ ಇಳಿಸುವುದರಿಂದ ರಾತ್ರಿ ದೀಪಗಳ ಸುತ್ತ ಕಾಣುವ ಹುಸಿ ಬಿಂಬಗಳು ಕಡಿಮೆಯಾಗುತ್ತವೆ, ಆದರೆ ಎದುರಿನ ವಾಹನದ ಹೈಬೀಮ್‌ನ ಪ್ರಖರತೆ ಮಾತ್ರ ಹಾಗೆಯೇ ಉಳಿಯುತ್ತದೆ. ಬ್ಲೂ ಕಟ್ ಎಂದರೆ ನೀಲಿ ಬೆಳಕನ್ನು ಸೋಸುವ ಲೆನ್ಸ್. ಅದರ ಕುರಿತ 17 ಪ್ರಯೋಗಗಳನ್ನು ಪರಿಶೀಲಿಸಿದ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯ ಪ್ರಕಾರ, ಅಲ್ಪಾವಧಿಯಲ್ಲಿ ಅದು ಕಣ್ಣಿನ ಆಯಾಸವನ್ನು ಬಹುಶಃ ಕಡಿಮೆ ಮಾಡುವುದಿಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಅದಕ್ಕೆ ಯಾವ ಲೆನ್ಸೂ ಮದ್ದಲ್ಲ. ಬಣ್ಣ ಬದಲಾಗುವ ಲೆನ್ಸ್ ಹೊರಗೆ ನಡೆಯುವವರಿಗೆ ಸರಿ. ಅದನ್ನು ಕಪ್ಪಾಗಿಸುವ ಅತಿನೇರಳೆ ಕಿರಣಗಳನ್ನು ಕಾರಿನ ಮುಂಗಾಜು ಬಹುಪಾಲು ತಡೆಯುವುದರಿಂದ, ಹಗಲಿನ ಚಾಲನೆಯಲ್ಲಿ ಹೆಚ್ಚು ಉಪಯೋಗವಿಲ್ಲ.