ಭಾನುವಾರ ಬೇಡ ಎಂದ ಜೋಯಿಸರು

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಹುಡುಗಿ ಹಾಸನದವಳು, ಹುಡುಗ ಮೈಸೂರಿನವನು. ಮಾತುಕತೆ ಮುಗಿದಿತ್ತು, ಲಗ್ನಪತ್ರಿಕೆ ಬರೆಸೋದು ಬಾಕಿ. ವೈಶಾಖದಲ್ಲೇ ಮದುವೆ ಆಗಬೇಕಿತ್ತು. ಇಬ್ಬರೂ ಹಿರಿಮಕ್ಕಳು, ಹಾಗಾಗಿ ಜ್ಯೇಷ್ಠ ಬೇಡ ಅಂತ ಎರಡೂ ಮನೆಯವರು. ಆಷಾಢ ಹೇಗೂ ಇಲ್ಲ. ಛತ್ರದಲ್ಲಿ ಉಳಿದಿದ್ದು ಒಂದು ಭಾನುವಾರ, ಅದರ ಮುಂದಿನ ಗುರುವಾರ, ಅಷ್ಟೇ.

ಹುಡುಗಿ ಮನೆಯ ಪುರೋಹಿತರು ಭಾನುವಾರ ಒಳ್ಳೆಯದು ಎಂದರು. ಹುಡುಗನ ಮನೆಯ ಜೋಯಿಸರು ಆವತ್ತು ಮಾಡಲೇಬಾರದು ಎಂದರು. ಛತ್ರದ ಮ್ಯಾನೇಜರ್ ಅಡ್ವಾನ್ಸ್ ಕೇಳುತ್ತಿದ್ದರು. ನನ್ನ ಹತ್ತಿರ ಬರುವ ಹೊತ್ತಿಗೆ ಮಾತು "ಅವರಿಗೆ ನಮ್ಮ ಮೇಲೆ ಗೌರವ ಇಲ್ಲ" ಅನ್ನುವಲ್ಲಿಗೆ ಮುಟ್ಟಿತ್ತು. ಹುಡುಗಿ ಅಳುತ್ತಿದ್ದಳು.

ನಾನು ಜ್ಯೋತಿಷ್ಯ ಹೇಳುವವಳಲ್ಲ. ಆದರೆ "ಬೇಡ" ಅಂದವರು ಯಾಕೆ ಬೇಡ ಅಂದರು ಅಂತ ಯಾರೂ ಕೇಳಿರಲಿಲ್ಲ. ಕೇಳಿಸಿದೆ. ಭಾನುವಾರ ಅನುರಾಧ ನಕ್ಷತ್ರ. ಜೋಯಿಸರ ಹತ್ತಿರವಿದ್ದ ಹಳೆಯ ಕೈಬರಹದ ಜಾತಕದಲ್ಲಿ ಹುಡುಗನ ಜನ್ಮನಕ್ಷತ್ರ ಹಸ್ತ. ಹಸ್ತದಿಂದ ಎಣಿಸಿದರೆ ಅನುರಾಧ ಐದನೆಯದು, ಪ್ರತ್ಯಕ್ ತಾರೆ, ಅಂದರೆ ತಾರಾಬಲ ಇಲ್ಲ. ಪುರೋಹಿತರು ಮೊಬೈಲ್‌ನಲ್ಲಿ ತೆಗೆದ ಜಾತಕ ನೋಡಿದ್ದರು. ಅದರಲ್ಲಿ ಚಿತ್ತಾ. ಅಲ್ಲಿಂದ ಅನುರಾಧ ನಾಲ್ಕನೆಯದು, ಕ್ಷೇಮ ತಾರೆ. ಹುಡುಗ ಹುಟ್ಟಿದ್ದು ಎರಡು ನಕ್ಷತ್ರ ಕೂಡುವ ಹೊತ್ತಿಗೆ. ಹಳೆಯ ಲೆಕ್ಕದ ಪಂಚಾಂಗಕ್ಕೂ ದೃಕ್ ಪಂಚಾಂಗಕ್ಕೂ ನಕ್ಷತ್ರ ಮುಗಿಯುವ ಸಮಯದಲ್ಲಿ ಗಂಟೆಗಳ ವ್ಯತ್ಯಾಸ ಬರುತ್ತದೆ. ಇಬ್ಬರ ಎಣಿಕೆಯೂ ಸರಿ, ಎಣಿಸಲು ಶುರುಮಾಡಿದ ಜಾಗ ಬೇರೆ.

ಮೂರು ಮಾತು ಹೇಳಿದೆ. ಮನೆಯವರು ಮಧ್ಯೆ ಸುದ್ದಿ ಸಾಗಿಸೋದು ನಿಲ್ಲಿಸಿ, ಇಬ್ಬರೂ ಜೋಯಿಸರು ಫೋನಿನಲ್ಲಿ ನೇರ ಮಾತಾಡಲಿ. "ಯಾವ ದಿನ ಶ್ರೇಷ್ಠ" ಅಂತ ಕೇಳಬೇಡಿ. ಛತ್ರ ಖಾಲಿ ಇರುವ ದಿನಗಳನ್ನು ಕೊಟ್ಟು, ಇವುಗಳಲ್ಲಿ ಯಾವುದನ್ನು ಬಿಡಲೇಬೇಕು ಅಂತ ಕೇಳಿ. ಶ್ರೇಷ್ಠ ಕೇಳಿದರೆ ಇಬ್ಬರೂ ಒಂದೊಂದು ಹೇಳುತ್ತಾರೆ, ಅಲ್ವಾ? ಮೂರನೆಯದು, ಉತ್ತರ ಬರುವವರೆಗೆ ಅಡ್ವಾನ್ಸ್ ಬೇಡ. ಒಂದು ಕಡೆಯವರು ದುಡ್ಡು ಕಟ್ಟಿದರೆ ಇನ್ನೊಂದು ಕಡೆಯವರಿಗೆ ಅದು ಹಟದ ಹಾಗೆ ಕಾಣುತ್ತದೆ.

ಗುರುವಾರ ಉತ್ತರಾಷಾಢ. ಹಸ್ತದಿಂದ ಒಂಬತ್ತು, ಚಿತ್ತಾದಿಂದ ಎಂಟು, ಎರಡೂ ಮಿತ್ರ ತಾರೆಗಳೇ. ಹುಡುಗನ ನಕ್ಷತ್ರ ಯಾವುದೆಂದು ತೀರ್ಮಾನ ಆಗಬೇಕಾಗಿಯೇ ಇರಲಿಲ್ಲ. ಹುಡುಗಿಯ ತಾರಾಬಲವನ್ನೂ ಲಗ್ನವನ್ನೂ ನೋಡಿ ಇಬ್ಬರೂ ಒಪ್ಪಿದರು.

ಹುಡುಗಿಯ ತಂದೆಗೆ ಮಾತ್ರ ಬೇಜಾರು. ಗುರುವಾರ ಅಂದರೆ ಕೆಲಸಕ್ಕೆ ಹೋಗುವವರು ಬರೋದು ಕಷ್ಟ. ಅದಕ್ಕೆ ಜೋಯಿಸರ ಹತ್ತಿರ ಪರಿಹಾರ ಇಲ್ಲ, ಬೀಗರ ಜೊತೆ ಕೂತೇ ಮಾತಾಡಿ ಎಂದೆ. ಮದುವೆ ಆದಮೇಲಿನ ಭಾನುವಾರ ಸಂಜೆ ಮೈಸೂರಿನಲ್ಲಿ ಹುಡುಗನ ಕಡೆಯವರು ಆರತಕ್ಷತೆ ಇಟ್ಟುಕೊಳ್ಳುತ್ತಾರೆ, ಹಾಸನದಿಂದ ಒಂದು ಬಸ್ಸು ಅವರ ಖರ್ಚಿನಲ್ಲೇ ಅಂತ ಮಾತಾಯಿತು.